ಯಂತ್ರದ ಹೊಟ್ಟೆಯಡಿಯ ಚೀಟಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಮುಳುಗಿದ ಕಂಪನಿಯ ಆಸ್ತಿ ಒಟ್ಟುಮಾಡಿ ಸಾಲ ಕೊಟ್ಟವರಿಗೆಲ್ಲ ನ್ಯಾಯವಾಗಿ ಹಂಚುವ ಲಿಕ್ವಿಡೇಟರ್ ಕೆಲಸ ನನ್ನದು. ಕಡ್ಡಿ ಮುರಿದ ಹಾಗೆ ಮಾತಾಡುತ್ತೇನೆಂದು ಈ ರಟ್ಟಿನ ಡಬ್ಬಿ ಕಾರ್ಖಾನೆಯವರು ಮೊದಲ ವಾರವೇ ನನಗೆ ‘ಕಡ್ಡಿ ಮೇಡಂ’ ಎಂದು ಹೆಸರಿಟ್ಟರು.

ಕಾರ್ಖಾನೆ ಕೊಳ್ಳಲು ಒಬ್ಬ ಹೆಂಗಸು ಮುಂದೆ ಬಂದಿದ್ದಳು. ನಲವತ್ತು ಜನರನ್ನೂ ಕೆಲಸದಲ್ಲಿ ಉಳಿಸಿಕೊಳ್ಳುತ್ತೇನೆ ಎಂದಳು. ಆದರೆ ರಟ್ಟು ಕತ್ತರಿಸುವ ದೊಡ್ಡ ಯಂತ್ರ ಬೇಕೇ ಬೇಕು, ಮೂರು ತಿಂಗಳಲ್ಲಿ ಅದು ಬರದಿದ್ದರೆ ಕಟ್ಟಡ ತೆಗೆದುಕೊಂಡು ತನಗೇನು ಲಾಭ ಎಂದಳು. ಯಂತ್ರ ನಿಂತಿದ್ದ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತು ಮಾತ್ರ ಇತ್ತು.

ಆ ಯಂತ್ರ ಕಾರ್ಖಾನೆಯ ಹಳೇ ಮಾಲೀಕನ ಭಾಮೈದನ ಶೆಡ್ಡಿನಲ್ಲಿತ್ತು. ಅವನು ಯಾವ ಅಡಮಾನವೂ ಇಲ್ಲದೆ ಕಂಪನಿಗೆ ಸಾಲ ಕೊಟ್ಟಿದ್ದನಂತೆ, ಅದಕ್ಕೆ ಬದಲಾಗಿ ಯಂತ್ರ ಪಡೆದನಂತೆ. ಎಲ್ಲರೂ ಸರದಿಯಲ್ಲಿ ನಿಂತಿರುವಾಗ ತನ್ನವನೊಬ್ಬನನ್ನು ಹಿಂಬಾಗಿಲಿನಿಂದ ಕರೆದು ಊಟಕ್ಕೆ ಕೂರಿಸಿದ ಹಾಗೆ! ಇಂಥದ್ದು ಕಂಪನಿ ದಿವಾಳಿಗೆ ಬೀಳುವ ಹಿಂದಿನ ಎರಡು ವರ್ಷದೊಳಗೆ ನೆಂಟರಿಗೆ ನಡೆದಿದ್ದರೆ, ರದ್ದು ಮಾಡಿ ಎಂದು ನಾನು ನ್ಯಾಯಾಲಯವನ್ನು ಕೇಳಬಹುದು. ನಾನಾಗಿ ಹೋಗಿ ಎಳೆದು ತರುವ ಹಾಗಿಲ್ಲ.

ಭಾಮೈದ ನನ್ನ ಮೇಜಿನ ಮೇಲೆ ಒಂದು ಕಾಗದ ಇಟ್ಟ. ಯಂತ್ರ ಒಯ್ದ ದಿನಾಂಕ ದಿವಾಳಿಗೆ ಎರಡು ವರ್ಷ ಎರಡು ತಿಂಗಳು ಮೊದಲಿನದು.

“ನಿಮ್ಮ ಲೆಕ್ಕಕ್ಕೆ ಸಿಗಲ್ಲ ಬಿಡಿ ಮೇಡಂ,” ಎಂದು ಹಲ್ಲು ಕಿರಿದ.

ನನ್ನ ಮೈಯೆಲ್ಲ ಉರಿಯಿತು. ಆದರೆ ಸಿಟ್ಟು ಸಾಕ್ಷಿ ಆಗುವುದಿಲ್ಲವಲ್ಲ. ಕಾರ್ಖಾನೆಯ ಪುಸ್ತಕಗಳಲ್ಲಿ ಒಂದು ರಸೀದಿ ಸಿಕ್ಕಿತು: ದಿವಾಳಿಗೆ ಒಂದು ವರ್ಷ ಮೊದಲು ಆ ಯಂತ್ರಕ್ಕೇ ಹೊಸ ಅಲಗು ಕೊಂಡಿದ್ದರು. ಕೊಟ್ಟುಬಿಟ್ಟ ಯಂತ್ರಕ್ಕೆ ಅಲಗು ಯಾರು ಕೊಳ್ಳುತ್ತಾರೆ? ಆದರೂ, “ಅದು ಬಿಡಿಭಾಗ, ಮೂಲೆಯಲ್ಲಿ ಬಿದ್ದಿತ್ತು” ಎಂದು ಅವನು ಹೇಳಬಹುದಿತ್ತು.

ಆ ಸಂಜೆ ಯಂತ್ರ ನೋಡಿಕೊಳ್ಳುತ್ತಿದ್ದ ಮುದುಕ ಬಾಗಿಲಲ್ಲಿ ಬಂದು ನಿಂತ. ಎಲ್ಲರೂ ಅವನನ್ನು ಎಣ್ಣೆ ಚಿಕ್ಕಪ್ಪ ಎನ್ನುತ್ತಿದ್ದರು.

“ಅಮ್ಮಾ, ಒಂದು ಮಾತು ಹೇಳಬೇಕು. ಬೈಬೇಡಿ.”

“ಬೈಯೋದು ಬಿಡೋದು ಆಮೇಲೆ. ಕೂತ್ಕೊಂಡು ಹೇಳಿ.”

“ಅದನ್ನ ಬಿಚ್ಚಿ ಲಾರಿಗೆ ಏರಿಸಿದ್ದು ನಾನೇ. ಅವತ್ತಿನ ಕೂಲೀನೂ ತಗೊಂಡೆ. ಈಗ ಅದನ್ನೂ ವಾಪಸ್ ಕಕ್ಕಿಸ್ತಾರೆ ಅಂತ ಬಾಯಿ ಬಿಡದೆ ಕೂತಿದ್ದೆ. ಇವತ್ತು ಸೊಸೆ, ‘ಮಾವ, ಕಾರ್ಖಾನೆ ತೆರೆಯುತ್ತಾ?’ ಅಂತ ಕೇಳಿದಳು. ತಡಕೊಳ್ಳೋಕೆ ಆಗಲಿಲ್ಲ.”

“ಅಯ್ಯೋ ದೇವರೇ! ಮಾಡಿದ ಕೆಲಸಕ್ಕೆ ಕೊಟ್ಟ ಕೂಲಿ ಅದು, ಯಾರೂ ಕೇಳಲ್ಲ. ಯಾವತ್ತು ಬಿಚ್ಚಿದ್ದು?”

“ದಿವಾಳಿಗೆ ಏಳು ತಿಂಗಳ ಮುಂಚೆ. ಬರೀ ನನ್ನ ಮಾತು ಬೇಡ. ಯಂತ್ರದ ಹೊಟ್ಟೆಯಡಿ ಒಂದು ಚೀಟಿ ಕಟ್ಟಿದ್ದೀನಿ, ಎಣ್ಣೆ ಹಾಕಿದಾಗಲೆಲ್ಲ ಅದರಲ್ಲಿ ತಾರೀಕು ಬರೀತಿದ್ದೆ. ಅಲಗು ಹಾಕಿದ್ದೂ ಬರೆದಿದ್ದೀನಿ, ಅದರ ನಂಬರ್ ಸಮೇತ. ಬಗ್ಗಿ ಎಣ್ಣೆ ಹಾಕೋನಿಗೆ ಮಾತ್ರ ಕಾಣುತ್ತೆ.”

ನ್ಯಾಯಾಲಯದ ಅನುಮತಿ ಪಡೆದು, ಅದು ನೇಮಿಸಿದ ಅಧಿಕಾರಿಯ ಜೊತೆ ಶೆಡ್ಡಿಗೆ ಹೋದೆವು. ಚಿಕ್ಕಪ್ಪ ಮೊಣಕಾಲೂರಿ ಯಂತ್ರದಡಿ ಕೈ ಹಾಕಿದ. ಚೀಟಿ ಅಲ್ಲೇ ಇತ್ತು, ಕೊನೆಯ ತಾರೀಕು ದಿವಾಳಿಗೆ ಏಳು ತಿಂಗಳ ಮುಂಚಿನದು! ಯಂತ್ರ ಒಯ್ದವನು ಒಂದು ದಿನವೂ ಬಗ್ಗಿ ಎಣ್ಣೆ ಹಾಕಿರಲಿಲ್ಲ. ಅಲಗಿನ ಮೇಲಿನ ನಂಬರು, ಚೀಟಿಯ ನಂಬರು, ರಸೀದಿಯ ನಂಬರು ಮೂರೂ ಒಂದೇ. ಅಧಿಕಾರಿ ಎಲ್ಲದರ ಫೋಟೋ ತೆಗೆದು, ಚೀಟಿಯನ್ನು ಬಿಚ್ಚಿ ಕೋರ್ಟಿಗೆಂದು ಲಕೋಟೆಗೆ ಹಾಕಿಕೊಂಡ.

ವಿಚಾರಣೆಯಲ್ಲಿ ಭಾಮೈದ ತನ್ನ ಕಾಗದವನ್ನೇ ಮುಂದೆ ಹಿಡಿದ. ನ್ಯಾಯಾಧೀಶೆ ಕಾಗದವನ್ನೂ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹಿಂದಿನ ದಿನಾಂಕ ಹಾಕಿದ ಸುಳ್ಳು ಕಾಗದ, ವ್ಯವಹಾರ ರದ್ದು, ಯಂತ್ರ ಕಂಪನಿಗೆ ವಾಪಸ್ ಎಂದು ಆದೇಶಿಸಿದರು. ಆ ಕಾಗದದ ಮೋಸಕ್ಕೆ ಬೇರೆ ವಿಚಾರಣೆ ನಡೆಯಬೇಕು ಎಂದರು.

“ಹಾಗಾದ್ರೆ ನನ್ನ ಸಾಲ ಗೋವಿಂದಾನಾ?” ಎಂದು ಹೊರಗೆ ಅವನು ನನ್ನ ಮೇಲೆ ಎಗರಿದ.

“ಸಾಲ ನಿಜ ಅಂತ ತೋರಿಸಿದ್ರೆ ಮತ್ತೆ ಜೀವ ಬರುತ್ತೆ. ಅರ್ಜಿ ಹಾಕಿ, ಎಲ್ಲರ ಹಾಗೆ ಸರದಿಯಲ್ಲಿ ನಿಲ್ಲಿ.”

ಗಡುವಿಗೆ ಹನ್ನೊಂದು ದಿನ ಇರುವಾಗ ಲಾರಿ ಬಂತು. ಕೊಳ್ಳುವವಳೂ ಬಂದಿದ್ದಳು. ನಲವತ್ತು ಜನ ಬಾಗಿಲಲ್ಲಿ ನೂಕುನುಗ್ಗಲು. ಚಿಕ್ಕಪ್ಪ ನಾಲ್ಕೂ ಬೋಲ್ಟು ಬಿಗಿದು, ಎಣ್ಣೆ ಡಬ್ಬಿ ಹಿಡಿದು ಯಂತ್ರದಡಿ ನುಸುಳಿದ. ಐದು ನಿಮಿಷವಾದರೂ ಬರಲಿಲ್ಲ.

“ಏನು ಚಿಕ್ಕಪ್ಪ, ನಿದ್ದೆ ಹೋದ್ರಾ?” ಎಂದೆ.

“ಇರಿ ಅಮ್ಮಾ,” ಒಳಗಿನಿಂದ ದನಿ ಬಂತು. “ಹಳೇ ಚೀಟಿ ಕೋರ್ಟಿನಲ್ಲಿದೆಯಲ್ಲ. ಹೊಸದು ಕಟ್ತಾ ಇದ್ದೀನಿ. ಇವತ್ತು ತಾರೀಕೆಷ್ಟು?”

ನಲವತ್ತು ಜನ ಒಟ್ಟಿಗೆ ಕೂಗಿ ಹೇಳಿದರು.