ಹಿಂದಿನ ಮಾತು ನನ್ನ ಹತ್ರ ಇಲ್ರಿ

ಫಿರದೋಸ ಹದಿನೆಂಟು ವರ್ಷ ನರ್ಸ್ ಕೆಲಸ ಮಾಡಿದವಳು. ಈಗ ಬಸವನ ಬಾಗೇವಾಡಿಯ ಒಂದು ಸಣ್ಣ ಸಂಸ್ಥೆಯಲ್ಲಿದ್ದಳು. ಫೋನಿನಲ್ಲಿ ಕನ್ನಡದಲ್ಲೇ ಆರೋಗ್ಯದ ಮಾತಾಡುವ ಯಂತ್ರವೊಂದನ್ನು ಸಂಸ್ಥೆಯವರು ತಯಾರಿಸುತ್ತಿದ್ದರು. ಅದಕ್ಕೆ 'ಗೆಳತಿ' ಎಂದು ಹೆಸರಿಟ್ಟಿದ್ದರು. ಜನ ಅದರೊಂದಿಗೆ ಹೇಗೆ ಮಾತಾಡುತ್ತಾರೆ ಎಂದು ಮನೆಮನೆಗೆ ಹೋಗಿ ನೋಡಿ ಬರುವುದು ಫಿರದೋಸಳ ಕೆಲಸ.

ಅಂದು ನಿಡಗುಂದಿಯ ರೇವವ್ವನ ಮನೆಗೆ ಹೋಗಿದ್ದಳು. ರೇವವ್ವನಿಗೆ ಎಪ್ಪತ್ತರ ಹತ್ತಿರ, ಬಿ.ಪಿ. ಬೇರೆ. ಹದಿನೈದು ದಿನದ ಹಿಂದೆ ಒಮ್ಮೆ ಗೆಳತಿಯ ಜೊತೆ ಮಾತಾಡಿದ್ದಳು. ಸೊಸೆ ರಾಜೇಶ್ವರಿ ಫೋನ್ ಹಚ್ಚಿ ಕೊಟ್ಟು ಒಳಗೆ ಹೋದಳು.

"ಮತ್ತ ಬಂದ್ರೆಲ್ಲ! ಭಾಳ ಸಂತೋಷ ಆತ್ರಿ," ಎಂದಿತು ದನಿ.

ರೇವವ್ವನ ಮುಖ ಅರಳಿತು. "ನನ್ನ ನೆನಪೈತೇನವ್ವ? ಅವತ್ತ ಹೇಳಿದ್ನೆಲ್ಲ, ಆ ಗುಳಿಗಿ. ಹಂಗ ತಗೋಳ್ಲೇನ?"

"ಹೌದ್ರಿ, ಛಲೋ ನೆನಪೈತಿ. ಅದನ್ನ ಹಂಗ ಮುಂದುವರಿಸ್ರಿ."

ಫಿರದೋಸ ಥಟ್ಟನೆ ಮುಂದೆ ಸರಿದು ಕೂತಳು. ಈ ನಂಬರಿನಿಂದ ಮೊದಲೊಮ್ಮೆ ಯಾರೋ ಮಾತಾಡಿದ್ದಾರೆ ಎಂಬುದೊಂದೇ ಗೆಳತಿಗೆ ಗೊತ್ತಿತ್ತು. ಏನು ಮಾತಾಡಿದರೆಂಬುದು ಎಲ್ಲೂ ಉಳಿಯುತ್ತಿರಲಿಲ್ಲ. ನೆನಪಿದೆಯೇ ಎಂದು ಕೇಳಿದವರ ಮನಸ್ಸು ನೋಯಬಾರದೆಂಬಂತೆ ಅದು ಹೂಂಗುಟ್ಟಿತ್ತು, ಅಷ್ಟೇ.

"ಅವ್ವಾರ, ಯಾವ ಗುಳಿಗಿ? ತಗೊಂಡ ಬರ್ರಿ ನೋಡೂಣು," ಎಂದಳು ಫಿರದೋಸ.

ರೇವವ್ವ ಎರಡು ಪಾಕೀಟು ತಂದಳು. ಒಂದು ಹಳೆಯದು, ಇನ್ನೊಂದು ಹೋದ ವಾರ ಡಾಕ್ಟರು ಬದಲಿಸಿ ಕೊಟ್ಟದ್ದು. ಮುದುಕಿ ಎರಡನ್ನೂ ನುಂಗುತ್ತಿದ್ದಳು. "ನಾಕ ದಿನದಿಂದ ಎದ್ದ ನಿಂತ್ರ ಕಣ್ಣಿಗೆ ಕತ್ತಲಿ ಬರ್ತೈತಿ ನೋಡವ್ವ," ಎಂದಳು. ಫಿರದೋಸ ಆಗಿಂದಾಗಲೇ ಆಟೊ ಕರೆಸಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಬಿ.ಪಿ. ನೋಡಿ, ತೀರ ಇಳಿದಿದೆ ಎಂದು ಹಳೆಯ ಗುಳಿಗೆ ಬಿಡಿಸಿದರು.

ಮರುದಿನ ಕಚೇರಿಯಲ್ಲಿ ಮುಖ್ಯಸ್ಥ ಸಂಜೀವಕುಮಾರನ ಮುಂದೆ ಎಲ್ಲ ಹೇಳಿದಳು. ಅವನು ತಲೆಗೆ ಕೈ ಹಚ್ಚಿ ಕೂತ. "ತಪ್ಪಾತ್ರಿ ಮೇಡಂ. ಹಂಗಾರ ಮುಂದ ಎಲ್ಲಾ ಮಾತೂ ಉಳಿಸಿಡೂಣು. ಖರೇನ ನೆನಪಿರ್ತೈತಿ."

"ಬ್ಯಾಡ್ರಿ ಸರ. ಒಂದ ಮನಿಗೆ ಒಂದ ಫೋನ್ ಐತಿ. ಸೊಸಿ ಕೇಳಿದ್ದು ಅತ್ತಿ ಕಿವಿಗೆ ಬಿದ್ರ? ಇಲ್ಲದ್ದನ್ನ ಐತಿ ಅನ್ನೂದು ಬ್ಯಾಡ. ಇಲ್ಲ ಅಂತ ಪ್ರೀತಿಲೆ ಹೇಳೂದ ಕಲಿಸೂಣು."

"ನೆನಪಿಲ್ಲ ಅಂದ್ರ ಜನ ಬ್ಯಾಸರ ಮಾಡ್ಕೊಳ್ಳೂದಿಲ್ಲೇನ್ರಿ?"

"ನಾ ಆಸ್ಪತ್ರ್ಯಾಗಿದ್ದಾಗ ದಿನಾ ನೂರು ಮಂದಿ ಬರ್ತಿದ್ರು. ಮರ್ತೇನಿ, ಇನ್ನೊಮ್ಮೆ ಹೇಳ್ರಿ ಅಂದ್ರ ಯಾರೂ ಸಿಟ್ಟಾಗಲಿಲ್ಲ. ಕುಂತು ಹೇಳ್ತಿದ್ರು."

ಇಬ್ಬರೂ ಎರಡು ದಿನ ಕೂತು ಗೆಳತಿಗೆ ಹೊಸ ಸೂಚನೆ ಬರೆದರು. ಹತ್ತಾರು ಬಗೆಯಲ್ಲಿ ಕೇಳಿ ಕೇಳಿ ಪರೀಕ್ಷಿಸಿದರು. ಎರಡು ಸಲ ಅದು ಮತ್ತೆ ಜಾರಿ "ನೆನಪೈತಿ" ಎಂದಿತು. ಸೂಚನೆ ಇನ್ನಷ್ಟು ಬಿಗಿಯಾಯಿತು.

ಮುಂದಿನ ತಿಂಗಳು ಫಿರದೋಸ ಮತ್ತೆ ನಿಡಗುಂದಿಗೆ ಹೋದಳು. ರೇವವ್ವ ಫೋನ್ ಹಿಡಿದಳು.

"ಬರ್ರಿ ಬರ್ರಿ, ಮತ್ತ ಬಂದಿದ್ದು ಛಲೋ ಆತು. ಹಿಂದಿನ ಮಾತು ನನ್ನ ಹತ್ರ ಇಲ್ರಿ. ಇವತ್ತ ಏನ ಕೇಳಬೇಕು, ಮೊದಲಿನಿಂದ ಹೇಳ್ರಿ. ಗುಳಿಗಿ ಇದ್ರ ಪಾಕೀಟಿನ ಮ್ಯಾಲಿನ ಹೆಸರ ಓದಿಸ್ರಿ."

"ಅಯ್ಯ, ಮರ್ತಿಯಾ? ಇರಲಿ ಬಿಡು, ಹೇಳ್ತೇನಿ," ಎಂದು ಮುದುಕಿ ನಕ್ಕು ಕಾಲು ಚಾಚಿ ಕೂತಳು. ಊರಮಂದಿಯ ಸುದ್ದಿಯನ್ನೂ ಸೇರಿಸಿ ಎಲ್ಲ ಹೇಳಿದಳು. ಬೇಸರದ ಸುಳಿವೇ ಇರಲಿಲ್ಲ. ಮಾತು ಮುಗಿಸಿ ಫಿರದೋಸಳ ಕೈ ಹಿಡಿದು, "ಅವತ್ತ ನೀ ಇರದಿದ್ರ ನಾ ಎಲ್ಲೆರ ಬೀಳ್ತಿದ್ನೆವ್ವ. ನಿನ್ನ ಹೊಟ್ಟಿ ತಣ್ಣಗಿರಲಿ," ಎಂದಳು.

ಹೊರಟಾಗ ರಾಜೇಶ್ವರಿ ಬಾಗಿಲ ತನಕ ಬಂದಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ ದನಿ ತಗ್ಗಿಸಿದಳು.

"ಅಕ್ಕಾರ, ಹೋದ ವಾರ ನಾನೂ ಗೆಳತಿಗೆ ಒಂದ ಕೇಳಿದ್ನಿ. ಮನ್ಯಾಗ ಯಾರ ಮುಂದೂ ಹೇಳಾಕ ಆಗಿರಲಿಲ್ಲ. ಈಗ ಅತ್ತಿ ಫೋನ್ ಹಿಡದಾಗ ಜೀವಾನ ಹೋಗಿತ್ತು. ಅದು ಏನೂ ಅನ್ನಲಿಲ್ಲ." ಅವಳ ಕಣ್ಣು ತುಂಬಿತ್ತು. "ಅದು ಹೇಳಿದಂಗ ಲೇಡಿ ಡಾಕ್ಟರ್ ಬಾಯಾರ ಹತ್ರ ಹೋಗಿ ಬಂದೇನಿ. ಈಗ ಆರಾಮ ಅದೇನಿ. ನಿಮ್ಮ ಉಪಕಾರ ಹೆಂಗ ಹೇಳ್ಬೇಕೋ ತಿಳೀವಲ್ದು."

ಏನು ಕೇಳಿದೆ ಎಂದು ಫಿರದೋಸ ಕೇಳಲಿಲ್ಲ. ಅವಳ ಭುಜ ಮುಟ್ಟಿ, "ಆರಾಮ ಅದೀಯಲ್ಲ, ಅಷ್ಟ ಸಾಕವ್ವ," ಎಂದಳು. ಬಸ್ಸಿನಲ್ಲಿ ಕೂತಾಗ ಮನಸ್ಸು ಹಗುರವಾಗಿತ್ತು. ಇಂಥ ಕೆಲಸ ಕೊಟ್ಟ ಅಲ್ಲಾಹನಿಗೆ ಮನಸ್ಸಿನಲ್ಲೇ ಶುಕ್ರಿಯಾ ಹೇಳಿ ಅವಳು ಕಿಟಕಿಗೆ ತಲೆಯಾನಿಸಿದಳು.