ಮಾವನ ಕಣ್ಣು, ಸೊಸೆಯ ಮೊಣಕೈ

ಮಾವ ಮೂವತ್ತೊಂದು ವರ್ಷ ಅಂಪೈರಿಂಗ್ ಮಾಡಿ ನಿವೃತ್ತರಾದವರು. ನಿವೃತ್ತಿ ಮೈದಾನದಿಂದ ಮಾತ್ರ; ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಎಂಬುದಕ್ಕೂ ಮನೆಯಲ್ಲಿ ಅವರದೇ ಕೊನೆಯ ತೀರ್ಪು.

ಸೊಸೆ ಲೀಗ್ ತಂಡವೊಂದರ ಆಫ್ ಸ್ಪಿನ್ನರ್. ಹನ್ನೊಂದನೇ ವಯಸ್ಸಿನಲ್ಲಿ ಕಾಂಪೌಂಡ್ ಗೋಡೆಯಿಂದ ಬಿದ್ದು ಬಲ ಮೊಣಕೈ ಮುರಿದುಕೊಂಡಿದ್ದಳು. ಮೂಳೆ ಕೂಡಿಕೊಂಡರೂ ಕೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಅವಳು ಅಭ್ಯಾಸ ಮುಗಿಸಿ ಬಂದಾಗಲೆಲ್ಲ ಮಾವ ಪೇಪರಿನಿಂದ ತಲೆ ಎತ್ತದೆ, "ಬಂದ್ಲು ನೋಡು, ನಮ್ಮನೆ ಕಲ್ಲೆಸೆಯೋಳು" ಎನ್ನುವರು.

"ಸ್ಪಿನ್ ಹಾಕುವಾಗ ಥ್ರೋ ಮಾಡ್ತೀಯ ಕಣಮ್ಮ. ನಡುನಡುವೆ ಹಾಕ್ತೀಯಲ್ಲ ಆ ಜೋರು ಬಾಲ್, ಅದೊಂದೇ ನಿಂದು ಅಪ್ಪಟ."

"ನಿಮ್ಮ ಕನ್ನಡಕ ಬದಲಾಯಿಸಿ ಎಷ್ಟು ವರ್ಷ ಆಯ್ತು?" ಎಂದು ಅತ್ತೆ ಒಳಗಿನಿಂದ ಕೇಳುವರು.

ಒಂದು ಸೋಮವಾರ ಲೀಗ್ ಕಚೇರಿಯಿಂದ ಪತ್ರ ಬಂತು. ಹಿಂದಿನ ದಿನದ ಪಂದ್ಯದ ಅಂಪೈರುಗಳು ಅವಳ ಬೌಲಿಂಗ್ ಶೈಲಿ ಅನುಮಾನಾಸ್ಪದ ಎಂದು ವರದಿ ಮಾಡಿದ್ದರು. ಪ್ರಯೋಗಾಲಯದಲ್ಲಿ ಪರೀಕ್ಷೆ ಆಗಬೇಕು. ಸೊಸೆ ಒಂದು ಶೂ ಬಿಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟು ಕುಳಿತಳು. ಮಾವ ಪತ್ರವನ್ನು ಎರಡು ಸಲ ಓದಿದರು. ಟೀ ಮುಗಿಯುವವರೆಗೂ ಒಂದೇ ಒಂದು ತಮಾಷೆ ಬರಲಿಲ್ಲ.

"ನಾನೂ ಬರ್ತೀನಿ ಬಿಡು" ಎಂದರು.

ಪ್ರಯೋಗಾಲಯವೆಂದರೆ ಎತ್ತರದ ಚಾವಣಿಯ ದೊಡ್ಡ ಹಾಲ್. ನೆಲಕ್ಕೆ ಹಸಿರು ಹಾಸು, ಸುತ್ತಲೂ ಇಪ್ಪತ್ತು ಕ್ಯಾಮೆರಾ. ಅಲ್ಲಿನ ತಜ್ಞೆ ಸೊಸೆಯ ಭುಜ, ಮೊಣಕೈ, ಮಣಿಕಟ್ಟಿಗೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿದಳು.

"ಕೈ ಬಗ್ಗಿದೆ ಅನ್ನೋಕೆ ಇಷ್ಟೊಂದು ಕ್ಯಾಮೆರಾ ಯಾಕಮ್ಮ? ನನ್ನನ್ನ ಕೇಳಿದ್ರೆ ಸಾಕಿತ್ತು."

"ಬಗ್ಗಿರೋದು ತಪ್ಪಲ್ಲ ಸರ್. ಬಗ್ಗಿದ್ದು ನೆಟ್ಟಗಾಗ್ತಾ ಹೋಗೋದು ತಪ್ಪು." ತಜ್ಞೆ ತನ್ನದೇ ಕೈ ಎತ್ತಿ ತೋರಿಸಿದಳು. "ತೋಳು ಭುಜದ ಮಟ್ಟಕ್ಕೆ ಬಂದಾಗಿಂದ ಚೆಂಡು ಕೈ ಬಿಡೋವರೆಗೆ ಮೊಣಕೈ ಎಷ್ಟು ಬಿಚ್ಕೊಳ್ತು ಅಂತ ಅಳೀತೀವಿ. ಹದಿನೈದು ಡಿಗ್ರಿವರೆಗೆ ಸರಿ. ಅದು ದಾಟಿದ್ರೆ ಥ್ರೋ. ಚೆಂಡು ಬಿಟ್ಟ ಮೇಲೆ ಏನಾದ್ರೂ ಆಗ್ಲಿ, ಲೆಕ್ಕಕ್ಕಿಲ್ಲ."

ಸೊಸೆ ಮೊದಲ ನಾಲ್ಕು ಚೆಂಡುಗಳನ್ನು ಮಗುವಿಗೆ ಹಾಕಿದಷ್ಟು ಮೆತ್ತಗೆ ಹಾಕಿದಳು.

"ಪಂದ್ಯದ ವಿಡಿಯೋ ನಮ್ಮ ಹತ್ರ ಇದೆ" ಎಂದಳು ತಜ್ಞೆ. "ಅಲ್ಲಿ ಹಾಕಿದಷ್ಟೇ ವೇಗ ಇಲ್ಲೂ ಬರ್ಬೇಕು."

ಮಾವ ನಗು ತಡೆಯಲು ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು.

ಹತ್ತು ದಿನದ ಮೇಲೆ ಫಲಿತಾಂಶ ನೋಡಲು ಮತ್ತೆ ಇಬ್ಬರೂ ಹೋದರು. ಪರದೆಯ ಮೇಲೆ ಕಡ್ಡಿಗಳಿಂದ ಮಾಡಿದಂಥ ಕೈಯೊಂದು ನಿಧಾನವಾಗಿ ತಿರುಗುತ್ತಿತ್ತು. ಆಫ್ ಸ್ಪಿನ್ ಹಾಕುವಾಗ ಮೊಣಕೈಯ ಬಾಗು ಮೂವತ್ತರಿಂದ ಇಪ್ಪತ್ತನಾಲ್ಕಕ್ಕೆ ಇಳಿದಿತ್ತು. ಬಿಚ್ಚಿಕೊಂಡದ್ದು ಆರೇ ಡಿಗ್ರಿ. ಜೋರು ಬಾಲಿನಲ್ಲಿ ಮೂವತ್ತಮೂರರಿಂದ ಹದಿನಾಲ್ಕಕ್ಕೆ. ಹತ್ತೊಂಬತ್ತು ಡಿಗ್ರಿ.

"ಎರಡೂ ಅದಲು ಬದಲಾಗಿವೆ, ಇನ್ನೊಂದ್ಸಲ ನೋಡಿ" ಎಂದರು ಮಾವ.

"ಇಲ್ಲ ಸರ್. ಜೋರು ಬಾಲಲ್ಲಿ ಕೊನೆಗೆ ಕೈ ನೆಟ್ಟಗೆ ಕಂಡಿದ್ದಕ್ಕೇ ಅದು ನಿಮಗೆ ಸರಿ ಅನ್ಸಿದೆ. ಹಾಗೆ ನೆಟ್ಟಗಾಗಿದ್ದೇ ತಪ್ಪು. ಕಣ್ಣಿಗೆ ಅಷ್ಟು ವೇಗ ಹಿಡಿಯೋಕಾಗಲ್ಲ."

ಆಫ್ ಸ್ಪಿನ್ ಹಾಕಬಹುದು, ಜೋರು ಬಾಲ್ ಹಾಕುವಂತಿಲ್ಲ ಎಂದು ತೀರ್ಮಾನವಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ತಿರುಗಿ ಕುಳಿತರು.

"ಏನ್ ಮಾವ, ಕಲ್ಲೆಸೆಯೋಳ ಪಕ್ಕ ಕೂತು ಭಯ ಆಗ್ತಿದ್ಯಾ?"

ಅವರು ನಗಲಿಲ್ಲ. "ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಎಡಗೈ ಸ್ಪಿನ್ನರ್ ಇದ್ದ. ಕೈ ನಿನ್ನ ಹಾಗೇ ಬಗ್ಗಿತ್ತು. ಥ್ರೋ ಅಂತ ಒಂದೇ ಓವರಲ್ಲಿ ಮೂರು ನೋಬಾಲ್ ಕೊಟ್ಟೆ. ಮುಂದಿನ ವರ್ಷ ಅವನು ಆಡೋಕೇ ಬರಲಿಲ್ಲ."

ಸೊಸೆ ಮನೆಗೆ ಬಂದವಳೇ ನಾಲ್ಕಾರು ಕಡೆ ವಿಚಾರಿಸಿ ಆ ಬೌಲರನ ನಂಬರು ಹುಡುಕಿದಳು. ಅವನು ಈಗ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ. ಮಾವ ಫೋನ್ ಹಿಡಿದು ನಡೆದದ್ದನ್ನೆಲ್ಲ ಹೇಳಿದರು.

"ನನ್ನಿಂದಾಗಿ ಆಟ ಬಿಟ್ಯೇನಪ್ಪ?"

ಆ ಕಡೆಯಿಂದ ನಗು ಕೇಳಿಸಿತು. "ನಿಮ್ಮಿಂದ ಅಲ್ಲ ಸರ್, ಮಂಡಿ ನೋವಿಂದ. ಅದರ ಕೀರ್ತಿನೂ ನೀವೇ ತಗೋಬೇಡಿ. ಆದ್ರೆ ಆ ಮೂರು ನೋಬಾಲ್‌ಗೆ ವಾರಗಟ್ಟಲೆ ನಿಮ್ಮನ್ನ ಬೈದಿದ್ದು ನಿಜ."

"ಬೈಬೇಕಾದ್ದೇ, ಸರಿಯಾಗೇ ಬೈದಿದ್ದೀಯ" ಎಂದರು ಮಾವ. ಅವರ ದನಿ ಹಗುರಾಗಿತ್ತು.

ಮುಂದಿನ ಭಾನುವಾರ ಅವನೇ ಪಂದ್ಯ ನೋಡಲು ಬಂದ. ಬ್ಯಾಟ್ಸ್‌ವುಮನ್‌ಗಳೆಲ್ಲ ಜೋರು ಬಾಲ್ ಬರುತ್ತದೆಂದೇ ಕಾಯುತ್ತಿದ್ದರು. ಸೊಸೆ ಒಂದನ್ನೂ ಹಾಕಲಿಲ್ಲ. ನಿಧಾನಕ್ಕೇ ಎರಡು ವಿಕೆಟ್ ತೆಗೆದಳು, ಎರಡು ಸಿಕ್ಸರ್ ತಿಂದಳು. ಬೌಂಡರಿ ಹಗ್ಗದಾಚೆ ಕುರ್ಚಿ ಹಾಕಿಕೊಂಡು ಮಾವನೂ ಆ ಹಳೆಯ ಬೌಲರನೂ ಅವಳ ಮಣಿಕಟ್ಟು ಹೇಗೆ ತಿರುಗಬೇಕೆಂದು ಜಗಳವಾಡುತ್ತಿದ್ದರು. ಮಾವ ಮಾತ್ರ ಪ್ರತಿ ಮಾತಿಗೂ ಮೊದಲು, "ನನ್ನ ಕಣ್ಣಿಗೆ ಕಂಡ ಹಾಗೆ" ಎಂದು ಸೇರಿಸುತ್ತಿದ್ದರು.