ಗುರುವಾರದ ಮೊದಲ ಪಿರಿಯಡ್

ನಮ್ಮ ಪ್ರೌಢಶಾಲೆಯ ವೇಳಾಪಟ್ಟಿಯನ್ನು ಇಪ್ಪತ್ತೆರಡು ವರ್ಷಗಳಿಂದ ನಾನೇ ಮಾಡುತ್ತ ಬಂದಿದ್ದೇನೆ. ಗಣಿತದ ಮಾಸ್ತರನಿಗಲ್ಲದೆ ಬೇರೆಯವರಿಗೆ ಅದು ತಲೆಗೆ ಹತ್ತುವ ಕೆಲಸವಲ್ಲ ಎಂದು ನನಗೊಂದು ಜಂಬವಿತ್ತು. ಬಾಯಿಯನ್ನೇ ತೆರೆಯದೆ ಆ ಜಂಬ ಇಳಿಸಿದವರು ನಮ್ಮ ವಿಜ್ಞಾನದ ಟೀಚರ್ ಪ್ರಣಿತಾ.

ಮೇ ತಿಂಗಳ ಕೊನೆ. ಶಾಲೆ ತೆರೆಯಲು ನಾಲ್ಕು ದಿನವಿತ್ತು. ಹಳದೀಪುರದ ಆ ಹೊತ್ತಿನ ಸೆಕೆಯಲ್ಲಿ ಮನುಷ್ಯ ಎಚ್ಚರವಾಗಿದ್ದಾನೋ ಮಲಗಿದ್ದಾನೋ ಅವನಿಗೇ ಗೊತ್ತಾಗುವುದಿಲ್ಲ. ಸ್ಟಾಫ್ ರೂಮಿನ ಉದ್ದ ಮೇಜಿನ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆ ಹಾಸಿ, ಮನೆ ಮನೆ ಗೆರೆ ಎಳೆದು, ಬಣ್ಣದ ಚೀಟಿಗಳನ್ನು ಜೋಡಿಸುತ್ತಿದ್ದೆ. ಒಬ್ಬೊಬ್ಬ ಶಿಕ್ಷಕರಿಗೆ ಒಂದೊಂದು ಬಣ್ಣ. ಒಂದೇ ಪಿರಿಯಡ್ಡಿನಲ್ಲಿ ಒಂದೇ ಬಣ್ಣ ಎರಡು ತರಗತಿಯಲ್ಲಿ ಬಂದರೆ ತಪ್ಪು. ಪ್ರಯೋಗಾಲಯಕ್ಕೂ ಕೆಳಗೆ ಒಂದು ಸಾಲು, ಅದೂ ಒಬ್ಬ ಮಾಸ್ತರ ಎಂಬಂತೆ. ಕರೆಂಟು ಹೋಗಿತ್ತು. ಚೀಟಿಗಳನ್ನು ನೋಡುತ್ತ ನೋಡುತ್ತ ಬಣ್ಣಗಳೇ ಅತ್ತಿತ್ತ ನಡೆದಾಡುವಂತೆ ಅನಿಸುತ್ತಿತ್ತು.

ಎಲ್ಲವೂ ಪ್ರಣಿತಾರ ಹಸಿರು ಚೀಟಿಗಳ ಹತ್ತಿರ ಬಂದು ನಿಲ್ಲುತ್ತಿತ್ತು. ಅವರ ಗಂಟಲಲ್ಲಿ ಗಂಟು ಬೆಳೆದಿತ್ತು. ಹದಿನೈದು ದಿನ ಒಂದು ಮಾತೂ ಆಡಬಾರದು, ಆಮೇಲೆ ಸತತ ಎರಡು ಪಿರಿಯಡ್ಡಿಗಿಂತ ಹೆಚ್ಚು ಪಾಠ ಮಾಡಬಾರದು, ಮಾಡಿದರೆ ಆಪರೇಷನ್ನೇ ಗತಿ, ಆದರೂ ಮೊದಲಿನ ದನಿ ಬರುತ್ತದೆಂದು ಹೇಳಲಾಗುವುದಿಲ್ಲ ಎಂದು ಕುಮಟೆಯ ಡಾಕ್ಟರು ಹೇಳಿದ್ದರು. ಪಾಠ ಮಾಡುವವರಿಗೆ ದನಿಯೇ ಹೋದರೆ ಉಳಿಯುವುದೇನು? ಅವರಿಗಿನ್ನೂ ಮೂವತ್ತೊಂದು ವರ್ಷ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಮೂರು ತರಗತಿಗೆ ವಾರಕ್ಕೆ ಏಳೇಳರಂತೆ ಅವರಿಗೆ ಇಪ್ಪತ್ತೊಂದು ಪಿರಿಯಡ್. ದಿನಕ್ಕೆ ನಾಲ್ಕು, ಅರ್ಧ ದಿನದ ಶನಿವಾರ ಒಂದು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹಿಂದಿಯ ಕೃಷ್ಣಾನಂದ ನಿಯೋಜನೆಯ ಮೇಲೆ ಹೊನ್ನಾವರದ ಶಾಲೆಯಿಂದ ಬರುವವರು, ನಮಗೆ ಸಿಗುವುದು ಸೋಮವಾರದಿಂದ ಬುಧವಾರದವರೆಗೆ ಮಾತ್ರ. ಆ ಮೂರು ದಿನ ಹಿಂದಿಯೇ ಜಾಗ ತುಂಬಿಕೊಂಡು ಉಳಿದ ವಿಷಯಗಳನ್ನು ಆಚೆ ದೂಡುತ್ತದೆ. ಸಮಾಜ ವಿಜ್ಞಾನವನ್ನು ದಿನಾ ಕೊನೆಯ ಪಿರಿಯಡ್ಡಿಗೆ ಹಾಕಿದರೆ ಮಕ್ಕಳು ತೂಕಡಿಸುತ್ತಾರೆ, ಆಟವನ್ನು ತೆಗೆದರೆ ಶಾಪ ಹಾಕುತ್ತಾರೆ. ಇನ್ನು ಪ್ರಯೋಗಾಲಯ. ಅದು ನಮಗೂ ಪಕ್ಕದ ಪಿಯು ಕಾಲೇಜಿಗೂ ಒಂದೇ. ಈ ವರ್ಷ ಅವರಲ್ಲಿ ಮಕ್ಕಳು ಹೆಚ್ಚಾಗಿ, ನಮ್ಮ ಪಾಲಿಗೆ ಉಳಿದದ್ದು ಮಂಗಳವಾರ, ಗುರುವಾರ, ಶುಕ್ರವಾರದ ಮೊದಲ ಎರಡು ಪಿರಿಯಡ್ ಮಾತ್ರ. ಮಂಗಳವಾರ ಎಂಟನೆಯವರಿಗೆ, ಶುಕ್ರವಾರ ಒಂಬತ್ತನೆಯವರಿಗೆ ಕೊಟ್ಟೆ. ಹತ್ತನೆಯವರಿಗೆ ಗುರುವಾರ ಉಳಿಯಿತು. ಗುರುವಾರ ಮೊದಲ ಪಿರಿಯಡ್ ಅವರಿಗೆ ಗಣಿತ.

ಗುರುವಾರವೊಂದೇ ಅಲ್ಲ, ವಾರದ ಆರೂ ದಿನ ಹತ್ತನೆಯ ತರಗತಿಗೆ ಮೊದಲ ಪಿರಿಯಡ್ ಗಣಿತವೇ. ಬೆಳಿಗ್ಗೆ ತಲೆ ತಂಪಿರುತ್ತದೆ, ಆಗಲೇ ಗಣಿತ ಇಳಿಯಬೇಕು ಎಂಬುದು ನನ್ನ ಹಟ. ಅದಕ್ಕೇ ಪ್ರತಿ ವರ್ಷ ಹಾಳೆ ಹಾಸಿದ ಕೂಡಲೇ ಮೊದಲು ನನ್ನ ಆರು ಕೆಂಪು ಚೀಟಿಗಳಿಗೆ ಗೋಂದು ಹಚ್ಚಿ ಅಂಟಿಸಿಬಿಡುವುದು, ಉಳಿದದ್ದು ಆಮೇಲೆ.

ಬೆಳಿಗ್ಗೆ ಪ್ರಣಿತಾ ಬಂದು ಹಾಳೆಯನ್ನು ಬಹಳ ಹೊತ್ತು ನೋಡಿದ್ದರು. ಆಮೇಲೆ ಕೊರಳಿಗೆ ನೇತುಹಾಕಿಕೊಂಡ ಪುಟ್ಟ ಪುಸ್ತಕದಿಂದ ಒಂದು ಹಾಳೆ ಹರಿದು ಬರೆದುಕೊಟ್ಟರು: ‘ಮೊದಲ ಪಿರಿಯಡ್ ಬಿಡಿ ಸರ್.’

ನನಗೆ ಖುಷಿಯಾಯಿತು. ಹೋಗಲಿ ಬಿಡಿ, ಅದನ್ನು ಮುಟ್ಟಬೇಡಿ, ನಾನು ಹೇಗೋ ಸುಧಾರಿಸಿಕೊಳ್ಳುತ್ತೇನೆ ಎನ್ನುತ್ತಿದ್ದಾರೆ ಎಂದುಕೊಂಡೆ. ಎಷ್ಟು ಒಳ್ಳೆಯ ಹುಡುಗಿ ಎಂದೂ ಅನಿಸಿತು. ಹತ್ತನೆಯವರ ಪ್ರಯೋಗವನ್ನು ತರಗತಿಯಲ್ಲೇ ಮೇಜಿನ ಮೇಲೆ ತೋರಿಸಲಿ ಎಂದು ಗುರುವಾರ ಎರಡು ಮತ್ತು ಮೂರನೆಯ ಪಿರಿಯಡ್ಡಿಗೆ ಹಸಿರು ಚೀಟಿ ಇಟ್ಟೆ. ನಾಲ್ಕನೆಯದರಲ್ಲಿ ಒಂಬತ್ತನೆಯವರಿಗೂ ವಿಜ್ಞಾನವೇ ಬಂತು. ಸತತ ಮೂರು. ಮತ್ತೆ ತೆಗೆದೆ, ಮತ್ತೆ ಇಟ್ಟೆ. ಎಲ್ಲಿಂದ ಎಳೆದರೂ ಮೂರೇ.

ಮಧ್ಯಾಹ್ನ ಮುಖ್ಯಾಧ್ಯಾಪಕಿ ವೀಣಾ ಮೇಡಂ ಇಣುಕಿದರು. "ಎಂತ ಆತು ಬೊಮ್ಮಯ್ಯ ಸರ್? ಮುಗೀತಾ?"

"ಒಂದು ದಿವ್ಸ ಮೂರು ಪಿರಿಯಡ್ ಒಟ್ಟಿಗೆ ಬತ್ತದೆ ಮೇಡಂ. ತಪ್ಪಿಸೂಕೆ ಆಗೂದಿಲ್ಲ."

"ಹಂಗಾದ್ರೆ ಆ ಹುಡುಗಿ ರಜೆ ಹಾಕೂದೇ ಒಳ್ಳೇದು. ಗಂಟಲು ಕಳ್ಕೊಂಡು ಎಂತ ಮಾಡೂದು?" ಎಂದು ಮೇಡಂ ಹೊರಟುಹೋದರು.

ನಾನು ಮೇಜಿಗೆ ತಲೆ ಕೊಟ್ಟೆ. ಅರೆನಿದ್ದೆಯಲ್ಲಿ ಎಲ್ಲೋ ಗಂಟೆ ಹೊಡೆಯುತ್ತಲೇ ಇತ್ತು. ಒಂದು ಪಿರಿಯಡ್ ಮುಗಿಯುತ್ತಿರಲಿಲ್ಲ, ಇನ್ನೊಂದು ಶುರುವಾಗುತ್ತಿರಲಿಲ್ಲ. ಹಸಿರು ಸೀರೆಯ ಯಾರೋ ವರಾಂಡದಲ್ಲಿ ನಡೆಯುತ್ತಲೇ ಇದ್ದರು, ಅವರಿಗೆ ಕೂರಲು ಯಾವ ಕೋಣೆಯಲ್ಲೂ ಜಾಗವಿರಲಿಲ್ಲ. ಬಾಗಿಲು ತೆರೆದು ಕರೆಯೋಣವೆಂದರೆ ನನ್ನ ಅಂಗೈ ಗೋಡೆಗೆ ಅಂಟಿಕೊಂಡಿತ್ತು.

ಕರೆಂಟು ಬಂತು. ಫ್ಯಾನು ಐದರಲ್ಲಿತ್ತು. ನಾನು ಕಣ್ಣು ಬಿಡುವಷ್ಟರಲ್ಲಿ ಎರಡು ದಿನದ ಕೆಲಸವೆಲ್ಲ ಕೋಣೆ ತುಂಬ ಹಾರಾಡುತ್ತಿತ್ತು. ಬಾಗಿಲಲ್ಲಿ ಪ್ರಣಿತಾ ನಿಂತಿದ್ದರು, ಕೈಯಲ್ಲಿ ರಜೆಯ ಅರ್ಜಿ. ಮೇಡಂ ಹೇಳಿರಬೇಕು. ಅವರು ಫ್ಯಾನು ಆರಿಸಿ, ಮಂಡಿಯೂರಿ ಚೀಟಿಗಳನ್ನು ಹೆಕ್ಕಿ ತಂದು ಮೇಜಿನ ಮೇಲಿಟ್ಟರು. ಹಾಳೆ ಖಾಲಿಯಾಗಿತ್ತು. ಹಾರದೆ ಕೂತಿದ್ದವು ನನ್ನ ಆರು ಕೆಂಪು ಚೀಟಿಗಳು ಮಾತ್ರ.

ಪ್ರಣಿತಾ ನನ್ನ ಮುಖ ನೋಡಿದರು. ಆಮೇಲೆ ಗುರುವಾರದ ಕೆಂಪು ಚೀಟಿಯ ಅಂಚಿಗೆ ಉಗುರು ಹಾಕಿ ಮೆಲ್ಲಗೆ ಕೆರೆಯತೊಡಗಿದರು.

ಆಗ ಅರ್ಥವಾಯಿತು. ಬಿಡಿ ಎಂದರೆ ಬಿಟ್ಟುಕೊಡಿ. ಬಾಯಿಂದ ಹೇಳಿದ್ದರೆ ದನಿಯಲ್ಲೇ ತಿಳಿಯುತ್ತಿತ್ತು. ಬರೆದ ಅಕ್ಷರಕ್ಕೆ ನಾನು ನನಗೆ ಬೇಕಾದ ದನಿ ಕೊಟ್ಟುಕೊಂಡಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಬಗೆಹರಿಯದ ಲೆಕ್ಕ ಎಂದು ಎರಡು ದಿನ ಗೊಣಗಿದ್ದೆನಲ್ಲ, ನನ್ನದೊಂದು ಚೀಟಿ ಎತ್ತಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

"ಕೆರೀಬೇಡಿ, ಉಗುರು ಮುರೀತದೆ" ಎಂದೆ. ನೀರು ಹಚ್ಚಿ ನಾನೇ ಎಬ್ಬಿಸಿದೆ. ಗಣಿತ ಮೂರನೆಯ ಪಿರಿಯಡ್ಡಿಗೆ ಹೋಯಿತು. ಮೊದಲೆರಡು ಹಸಿರು, ಕೆಳಗೆ ಪ್ರಯೋಗಾಲಯದ ಸಾಲಿನಲ್ಲೂ ಹಸಿರು, ಆಮೇಲೆ ಒಂದು ಪಿರಿಯಡ್ ಬಿಡುವು, ನಾಲ್ಕನೆಯದರಲ್ಲಿ ಒಂಬತ್ತನೆಯವರು, ಊಟದ ನಂತರ ಎಂಟನೆಯವರು. ಉಳಿದ ಚೀಟಿಗಳು ಸಂಜೆಯೊಳಗೆ ಒಂದೊಂದಾಗಿ ಕೂತವು. ಪ್ರಣಿತಾ ಅರ್ಜಿಯನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡರು.

ಜೂನಿನ ಎರಡನೆಯ ಗುರುವಾರ. ಮಳೆ ಹನಿಯುತ್ತಿತ್ತು. ಮೊದಲ ಪಿರಿಯಡ್ಡಿನಲ್ಲಿ ಸುಮ್ಮನೆ ಕೂತು ನನಗೆ ರೂಢಿಯಿಲ್ಲ, ಬೇರೆ ಯಾರದೋ ಶಾಲೆಗೆ ಬಂದವನಂತೆ ಸ್ಟಾಫ್ ರೂಮಿನಲ್ಲಿದ್ದೆ. ಪ್ರಯೋಗಾಲಯದ ಕಡೆಯಿಂದ ಪ್ರಣಿತಾರ ದನಿ ಎರಡು ವಾಕ್ಯದಷ್ಟು ಕೇಳಿ ನಿಂತುಹೋಯಿತು. ಕಾದೆ. ಮತ್ತೆ ಬರಲಿಲ್ಲ. ಎದ್ದು ಓಡಿದೆ.

ಕಿಟಕಿಯಿಂದ ನೋಡಿದರೆ ನಲವತ್ತು ಮಕ್ಕಳೂ ಗುಂಪು ಗುಂಪಾಗಿ ಬಾಗಿದ್ದಾರೆ. ಅಂಕಿತಾ ಎಂಬ ಹುಡುಗಿ ದಾಸವಾಳದ ರಸವನ್ನು ಸೋಪಿನ ನೀರಿಗೆ ಬಿಟ್ಟು, ಅದು ಹಸಿರಾದದ್ದನ್ನು ಪಕ್ಕದವರಿಗೆ ವಿವರಿಸುತ್ತಿದ್ದಾಳೆ. ಇನ್ನೊಬ್ಬ ಅದನ್ನು ಒಪ್ಪದೆ ವಾದಿಸುತ್ತಿದ್ದಾನೆ. ಪ್ರಣಿತಾ ಸ್ಟೂಲಿನ ಮೇಲೆ ಬಾಯಿ ಮುಚ್ಚಿ ಕೂತಿದ್ದಾರೆ, ಅಲ್ಲೊಮ್ಮೆ ಇಲ್ಲೊಮ್ಮೆ ಬೆರಳು ತೋರಿಸುತ್ತಾರೆ ಅಷ್ಟೇ. ಅವರು ಪ್ರಯೋಗಾಲಯ ಕೇಳಿದ್ದು ಇದಕ್ಕೇ. ಇಲ್ಲಿ ಮಾತಾಡುವವರು ಮಕ್ಕಳು. ಈ ಜೋಡಿ ಪಿರಿಯಡ್ ಅವರ ಗಂಟಲಿಗೆ ದುಡಿಮೆಯಲ್ಲ, ವಿಶ್ರಾಂತಿ. ಇಪ್ಪತ್ತೆರಡು ವರ್ಷ ಚೀಟಿ ಜೋಡಿಸಿದ ನನಗೆ ಇದು ಗೊತ್ತಿರಲಿಲ್ಲ.

ನನ್ನನ್ನು ನೋಡಿ ಪ್ರಣಿತಾ ಎದ್ದು ಬಾಗಿಲಿಗೆ ಬಂದರು. "ಎಂತ ಸರ್, ಹೊರಗೇ ನಿಂತ್ರಿ? ಒಳಗೆ ಬನ್ನಿ" ಎಂದರು. ಆ ದನಿ ಎಲ್ಲಿಯೂ ಒಡೆಯಲಿಲ್ಲ. ಬಂದೆ ಎನ್ನಹೋದ ನನ್ನದೇ ಒಡೆಯಿತು. ಒಳಗೆ ಹೋಗಿ ಹಿಂದಿನ ಸ್ಟೂಲಿನಲ್ಲಿ ಕೂತುಕೊಂಡೆ.